ಹಳೆಯ ನಂಬರ್ ಬೇರೆಯವರ ಪಾಲಾದರೆ ಓಟಿಪಿಯ ಗತಿ ಏನು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವನು. ತೋಟದ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಅಂತ ಹಳೆಯ ಸಿಮ್ ಬಿಟ್ಟು ಬೇರೆ ಕಂಪನಿಯ ಸಿಮ್ ತಗೊಂಡೆ. ಹಳೆಯದರ ವ್ಯಾಲಿಡಿಟಿ ಜನವರಿ 10ಕ್ಕೆ ಮುಗಿಯಿತು, ಆಮೇಲೆ ರೀಚಾರ್ಜ್ ಮಾಡಿಸಲಿಲ್ಲ. ಈಗ ಆಗಸ್ಟ್‌ನಲ್ಲಿ ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಎತ್ತಿ 'ಇದು ನನ್ನ ನಂಬರ್' ಅನ್ನುತ್ತಾರೆ. ಎರಡು ಬ್ಯಾಂಕು, ಆಧಾರ್, ಜಿಮೇಲ್, ವಾಟ್ಸಾಪ್ ಎಲ್ಲಕ್ಕೂ ಅದೇ ನಂಬರ್ ಕೊಟ್ಟಿದ್ದೆ. ವಾಟ್ಸಾಪ್, ಜಿಮೇಲ್ ಮಾತ್ರ ಇನ್ನೂ ನನ್ನ ಫೋನಿನಲ್ಲೇ ನಡೆಯುತ್ತಿವೆ. ಒಂದು ಬ್ಯಾಂಕಿನ ಓಟಿಪಿ ಅವರಿಗೆ ಹೋಗುತ್ತಿದೆಯಂತೆ, ಇನ್ನೊಂದರದ್ದು ಅವರಿಗೂ ಇಲ್ಲ, ನನಗೂ ಇಲ್ಲ. ನಂಬರ್ ವಾಪಸ್ ಸಿಗುತ್ತದಾ? ಇಲ್ಲದಿದ್ದರೆ ಅವರಿಂದಲೇ ಓಟಿಪಿ ಕೇಳಿಕೊಂಡು ಕೆಲಸ ಮುಗಿಸಬಹುದಾ?

ಉತ್ತರ: ನಂಬರ್ ವಾಪಸ್ ಸಿಗುವುದಿಲ್ಲ. ಅದರ ಹಿಂದೆ ಓಡಾಡಿ ದಿನ ಕಳೆಯಬೇಡಿ. ಅವರಿಂದ ಓಟಿಪಿ ಕೇಳುವ ಯೋಚನೆಯನ್ನೂ ಬಿಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಹಳೆಯ ನಂಬರಿನ ಓಟಿಪಿ ಬೇಡದ ಒಂದು ದಾರಿ ಇದೆ. ಬ್ಯಾಂಕಿಗೆ ಸಹಿ ಮತ್ತು ಕಾಗದ, ಆಧಾರಿಗೆ ಬೆರಳು ಅಥವಾ ಕಣ್ಣು, ಜಿಮೇಲ್ ಮತ್ತು ವಾಟ್ಸಾಪಿಗೆ ಈಗಾಗಲೇ ಲಾಗಿನ್ ಆಗಿರುವ ನಿಮ್ಮ ಫೋನ್. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದೊಂದು ಗೊತ್ತಿದ್ದರೆ ಕೆಲಸ ಸುಲಭ.

ಮೊದಲು, ನಂಬರ್ ಕೈ ತಪ್ಪಿದ್ದು ಹೇಗೆ ಎಂದು ನೋಡೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ ಸತತ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ಕಡಿತ ಮಾಡಬಹುದು. ಇಲ್ಲಿ ಬಳಕೆ ಅಂದರೆ ಕರೆ ಮಾಡುವುದು ಅಥವಾ ಬಂದ ಕರೆ ಎತ್ತುವುದು, ಎಸ್ಎಂಎಸ್ ಕಳಿಸುವುದು, ಡೇಟಾ ಬಳಸುವುದು ಇಂಥವು. ಬರುವ ಎಸ್ಎಂಎಸ್ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ. 'ಓಟಿಪಿ ಬರಲಿಕ್ಕೆ ಒಂದು ಸಿಮ್' ಅಂತ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ಅಲಮಾರಿಯಲ್ಲಿ ಇಟ್ಟವರ ನಂಬರುಗಳು ಹೋಗುವುದು ಇದರಿಂದಲೇ: ಓಟಿಪಿ ಬರುತ್ತಿದೆ, ಆದರೆ ಲೆಕ್ಕದಲ್ಲಿ ಸಿಮ್ ಖಾಲಿ ಕೂತಿದೆ.

ನಿಮ್ಮ ತಾರೀಖುಗಳನ್ನೇ ಹಾಕಿ ನೋಡಿ. ಜನವರಿ 10ರಿಂದ ಏನೂ ಬಳಕೆ ಇಲ್ಲ ಎಂದುಕೊಂಡರೆ 90 ದಿನ ತುಂಬುವುದು ಏಪ್ರಿಲ್ 10ಕ್ಕೆ. ಕಡಿತವಾದ ಮೇಲೆ 15 ದಿನ ಕಾಲಾವಕಾಶವಿದೆ. ಅಷ್ಟರೊಳಗೆ, ಅಂದರೆ ಏಪ್ರಿಲ್ 25ರೊಳಗೆ, ಕಂಪನಿಯ ಅಂಗಡಿಗೆ ಹೋಗಿದ್ದರೆ ಶುಲ್ಕ ಕಟ್ಟಿ ಅದೇ ನಂಬರನ್ನು ಮತ್ತೆ ಚಾಲೂ ಮಾಡಿಸಬಹುದಿತ್ತು. ಕಡಿತವಾದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ. ಆ ಲೆಕ್ಕ ಜುಲೈ 9ಕ್ಕೆ ಮುಗಿಯುತ್ತದೆ. ಆಮೇಲೆ ಅದು ಹೊಸ ಗಿರಾಕಿಗೆ ಹೋಗಬಹುದು, ಹೋಗಿದೆ. ಆಗಸ್ಟ್‌ನಲ್ಲಿ ಬೇರೊಬ್ಬರು ಎತ್ತುತ್ತಿರುವುದು ಲೆಕ್ಕಕ್ಕೆ ಸರಿಯಾಗಿದೆ. ಇವೆಲ್ಲ ಕನಿಷ್ಠ ಅವಧಿಗಳು, ಕೆಲವು ಕಂಪನಿಗಳು ಇನ್ನೂ ಸ್ವಲ್ಪ ಕಾಯಬಹುದು. ಅವರು ನಿಮ್ಮ ನಂಬರ್ ಕದ್ದಿಲ್ಲ. ಗುರುತಿನ ದಾಖಲೆ ಕೊಟ್ಟು, ಕಾನೂನುಬದ್ಧವಾಗಿ ಪಡೆದಿದ್ದಾರೆ. ಮರುಹಂಚಿಕೆಯ ವಿಚಾರ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆಯೂ ಬಂದಿತ್ತು. ಟ್ರಾಯ್ ಇದೇ 90 ದಿನದ ಮಾತು ಹೇಳಿತು. ತನ್ನ ಖಾಸಗಿತನ ಕಾಪಾಡಿಕೊಳ್ಳುವ ಹೊಣೆ ಹಿಂದಿನ ಗ್ರಾಹಕನದು ಎಂದು ಕೋರ್ಟು ಪ್ರಕರಣ ಮುಗಿಸಿತು.

'ಪ್ರೀಪೇಯ್ಡ್‌ನಲ್ಲಿ 20 ರೂಪಾಯಿ ಇದ್ದರೆ ನಂಬರ್ ಉಳಿಯುತ್ತದೆ' ಎನ್ನುವ ಮಾತು ನೀವು ಕೇಳಿರಬಹುದು. ಅದು ಸುಳ್ಳಲ್ಲ. 90 ದಿನ ಬಳಸದಿದ್ದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು ಎಂಬ ನಿಯಮವಿದೆ. ಆದರೆ ಈಗ ಎಲ್ಲರೂ ಹಾಕಿಸುವುದು ಅನ್‌ಲಿಮಿಟೆಡ್ ಪ್ಯಾಕ್. ಆ ದುಡ್ಡು ಪ್ಯಾಕಿಗೇ ಹೋಗುತ್ತದೆ, ಮೇನ್ ಬ್ಯಾಲೆನ್ಸ್‌ನಲ್ಲಿ ಪೈಸೆಯೂ ಉಳಿಯುವುದಿಲ್ಲ. ಬ್ಯಾಲೆನ್ಸ್ ಬೇಕಿದ್ದರೆ ಟಾಪ್‌ಅಪ್ ಬೇರೆಯಾಗಿಯೇ ಹಾಕಿಸಬೇಕು.

ಇನ್ನು ಒಂದು ಬ್ಯಾಂಕಿನ ಓಟಿಪಿ ಅವರಿಗೆ, ಇನ್ನೊಂದರದ್ದು ಯಾರಿಗೂ ಇಲ್ಲ ಅಂದಿರಲ್ಲ, ಅದು. ಬ್ಯಾಂಕಿಗೆ ಗೊತ್ತಿರುವುದು ಹತ್ತು ಅಂಕಿ ಮಾತ್ರ. ಆ ಅಂಕಿಯ ಹಿಂದೆ ಈಗ ಯಾವ ಸಿಮ್ ಇದೆ, ಅದು ಯಾರ ಜೇಬಿನಲ್ಲಿದೆ ಎಂಬುದು ಮೊಬೈಲ್ ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಹೊಸಬರ ಸಿಮ್ ಚಾಲೂ ಆದ ಗಳಿಗೆಯಲ್ಲೇ ಆ ದಾಖಲೆ ಬದಲಾಗುತ್ತದೆ, ಬ್ಯಾಂಕಿಗೆ ಅದರ ಸುದ್ದಿ ತಾನಾಗಿ ಹೋಗುವುದಿಲ್ಲ. ಈ ಕೊರತೆ ತುಂಬಲು ಕಾಯಂ ಆಗಿ ಕಡಿತವಾದ ನಂಬರುಗಳ ಒಂದು ಪಟ್ಟಿ ಸಿದ್ಧವಾಗುತ್ತದೆ. ಅದನ್ನು ನೋಡಿ ತಮ್ಮ ಗ್ರಾಹಕರ ದಾಖಲೆ ಶುದ್ಧ ಮಾಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿ 17ರಂದು ಬ್ಯಾಂಕುಗಳಿಗೆ ಸೂಚಿಸಿತು, ಮಾರ್ಚ್ 31ರ ಗಡುವನ್ನೂ ಕೊಟ್ಟಿತು. ಯುಪಿಐ ನಡೆಸುವ ಸಂಸ್ಥೆಯೂ ವಾರಕ್ಕೊಮ್ಮೆಯಾದರೂ ಈ ಪಟ್ಟಿ ನೋಡಬೇಕು ಎಂದು ಬ್ಯಾಂಕು ಮತ್ತು ಆ್ಯಪ್‌ಗಳಿಗೆ ಹೇಳಿದೆ.

ಹಾಗಾಗಿ ಓಟಿಪಿ ಯಾರಿಗೂ ಹೋಗದ ಬ್ಯಾಂಕು ಬಹುಶಃ ನಿಮ್ಮ ಹಳೆಯ ನಂಬರನ್ನು ತೆಗೆದುಹಾಕಿದೆ. ಅದು ತೊಂದರೆಯಂತೆ ಕಂಡರೂ ಸುರಕ್ಷಿತ ಸ್ಥಿತಿ. ಓಟಿಪಿ ಅಪರಿಚಿತರಿಗೆ ಹೋಗುತ್ತಿರುವ ಬ್ಯಾಂಕೇ ಅಪಾಯದ್ದು. ಶಾಖೆಗೆ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಅವರನ್ನೇ ಕೇಳಿ ಓಟಿಪಿ ಪಡೆಯುವುದು ಬೇಡ ಎಂದೆ. ಅವರು ಒಳ್ಳೆಯವರೇ ಇರಬಹುದು. ಆದರೆ ನೀವು ಫೋನ್ ಮಾಡಿ ಕೇಳಿದ ಕೂಡಲೇ ಅವರಿಗೆ ನಿಮ್ಮ ಬ್ಯಾಂಕು ಯಾವುದು, ಖಾತೆ ಇನ್ನೂ ಇದೇ ನಂಬರಿನಲ್ಲಿ ಸಿಕ್ಕಿಕೊಂಡಿದೆ, ನಿಮಗೆ ಎಸ್ಎಂಎಸ್ ಕಾಣುತ್ತಿಲ್ಲ ಎಂಬುದೆಲ್ಲ ಒಟ್ಟಿಗೆ ಗೊತ್ತಾಗುತ್ತದೆ. ಅವರ ಕಡೆಯಿಂದ ನೋಡಿದರೆ, 'ಒಂದು ಓಟಿಪಿ ಬರುತ್ತೆ, ಹೇಳಿ' ಎನ್ನುವ ಅಪರಿಚಿತ ಫೋನು ವಂಚಕರದ್ದೇ ಧಾಟಿ; ಹೇಳದಿರುವುದೇ ಅವರಿಗೆ ಸರಿ. ಅವರೊಡನೆ ಮಾತಾಡಬೇಕಾದ ಪ್ರಸಂಗ ಬಂದರೆ ಬ್ಯಾಂಕಿನ ಎಸ್ಎಂಎಸ್ ಬಂದರೆ ಅಳಿಸಿಬಿಡಿ ಅನ್ನಿ, ಸಾಕು.

ಇವತ್ತು ರಾತ್ರಿ ಮನೆಯಲ್ಲೇ ಕೂತು ಮಾಡಬೇಕಾದವು ಎರಡು: ವಾಟ್ಸಾಪ್ ಮತ್ತು ಜಿಮೇಲ್. ಇವುಗಳಿಂದ ಶುರು ಮಾಡಲು ಹೇಳುವುದು ಇವು ದೊಡ್ಡವು ಅಂತಲ್ಲ. ನಿಮ್ಮ ಫೋನಿನಲ್ಲಿ ಇನ್ನೂ ತೆರೆದಿವೆ, ಯಾವ ಗಳಿಗೆಯಲ್ಲಾದರೂ ಮುಚ್ಚಿಹೋಗಬಹುದು, ಅದಕ್ಕೆ.

ವಾಟ್ಸಾಪ್‌ನಲ್ಲಿ Settings ಒಳಗೆ Account, ಅದರೊಳಗೆ Change number ಒತ್ತಿ. ಹಳೆಯ ನಂಬರ್ ಮತ್ತು ಹೊಸ ನಂಬರ್ ಎರಡನ್ನೂ ಕೇಳುತ್ತದೆ. ಪರಿಶೀಲನೆಯ ಕೋಡ್ ಬರುವುದು ಹೊಸ ನಂಬರಿಗೆ ಮಾತ್ರ, ಹಳೆಯ ಸಿಮ್ ಬೇಕಾಗಿಲ್ಲ. ಚಾಟು, ಗ್ರೂಪು ಎಲ್ಲ ಹೊಸ ನಂಬರಿಗೆ ಬರುತ್ತವೆ, ಹಳೆಯ ನಂಬರಿನ ಖಾತೆ ಅಳಿಸಿಹೋಗುತ್ತದೆ. ಇದನ್ನು ಮಾಡುವ ಮೊದಲೇ ಅವರು ಆ ನಂಬರಿನಲ್ಲಿ ವಾಟ್ಸಾಪ್ ಹಾಕಿಕೊಂಡರೆ ನಿಮ್ಮದು ಲಾಗ್‌ಔಟ್ ಆಗುತ್ತದೆ. ನಿಮ್ಮ ಹಳೆಯ ಚಾಟು ಅವರಿಗೆ ಕಾಣುವುದಿಲ್ಲ, ಅವು ನಿಮ್ಮ ಫೋನಿನಲ್ಲಿ ಮತ್ತು ಬ್ಯಾಕಪ್‌ನಲ್ಲಿ ಇರುತ್ತವೆ. ಆದರೆ ಬೆಳೆಗಾರರ ಗ್ರೂಪು, ಮಕ್ಕಳ ಶಾಲೆಯ ಗ್ರೂಪುಗಳಿಗೆ ಅಲ್ಲಿಂದ ಮುಂದೆ ಬರುವ ಸಂದೇಶಗಳು ಆ ನಂಬರಿಗೆ ಹೋಗುವ ಸಂಭವ ಇರುತ್ತದೆ. ಹಾಗಾದರೆ ಅಡ್ಮಿನ್‌ಗಳಿಗೆ ಹೇಳಿ ಹಳೆಯ ನಂಬರನ್ನು ತೆಗೆಸಿ.

ಜಿಮೇಲ್‌ನಲ್ಲಿ ತುಂಬ ಜನ ಎಡವುವುದು ಒಂದೇ ಜಾಗದಲ್ಲಿ. ನಿಮ್ಮ ನಂಬರ್ ಅಲ್ಲಿ ಎರಡು ಕಡೆ ಇರುತ್ತದೆ: ಖಾತೆ ಮರಳಿ ಪಡೆಯಲು ಬಳಸುವ ಫೋನ್ ಆಗಿ ಒಂದು ಕಡೆ, ಎರಡು ಹಂತದ ಪರಿಶೀಲನೆಯ ಫೋನ್ ಆಗಿ ಇನ್ನೊಂದು ಕಡೆ. ಒಂದರಲ್ಲಿ ಬದಲಾಯಿಸಿ ಇನ್ನೊಂದನ್ನು ಬಿಟ್ಟರೆ ಬಾಗಿಲು ಅರ್ಧ ತೆರೆದಂತೆಯೇ. ಫೋನಿನಲ್ಲಿ ಗೂಗಲ್ ಖಾತೆ ತೆರೆದು Security ವಿಭಾಗದಲ್ಲಿ Recovery phone ಮತ್ತು 2-Step Verification ಎರಡರಿಂದಲೂ ಹಳೆಯ ನಂಬರ್ ತೆಗೆದು ಹೊಸದು ಹಾಕಿ. ಪಾಸ್‌ವರ್ಡ್ ಕೇಳುತ್ತದೆ, ಕೈಯಲ್ಲಿರಲಿ. ಅಲ್ಲಿಯೇ Backup codes ಎಂದಿದೆ. ಎಂಟಂಕಿಯ ಹತ್ತು ಕೋಡು ಕೊಡುತ್ತದೆ. ಒಂದೊಂದೂ ಒಂದು ಸಲ ಮಾತ್ರ ಕೆಲಸ ಮಾಡುತ್ತದೆ. ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ; ಫೋನಿನಲ್ಲೇ ಫೋಟೋ ಇಟ್ಟುಕೊಂಡರೆ ಫೋನ್ ಕಳೆದ ದಿನ ಅದೂ ಕಳೆಯುತ್ತದೆ. ರಿಕವರಿ ಫೋನ್ ಬದಲಿಸಿದ ಮೇಲೂ ಏಳು ದಿನದವರೆಗೆ ಹಳೆಯ ನಂಬರಿಗೂ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಇಟ್ಟುಕೊಂಡಿರುತ್ತದೆ. ಖಾತೆ ಕದ್ದವರು ನಂಬರ್ ಬದಲಿಸಿದಾಗ ಅಸಲಿ ಮಾಲೀಕರಿಗೆ ಅನುಕೂಲವಾಗಲಿ ಎಂಬುದು ಅದರ ಉದ್ದೇಶ, ನಿಮ್ಮ ವಿಷಯದಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಆದ್ದರಿಂದ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ, ಆ ಏಳು ದಿನ ಗೂಗಲ್‌ನಿಂದ ಎಚ್ಚರಿಕೆಯ ಮೇಲ್ ಏನಾದರೂ ಬಂದಿದೆಯೇ ಎಂದು ನೋಡುತ್ತಿರಿ.

ನಾಳೆ ಬೆಳಿಗ್ಗೆ ಬ್ಯಾಂಕು. ನೆಟ್‌ಬ್ಯಾಂಕಿಂಗ್‌ನಲ್ಲೇ ನಂಬರ್ ಬದಲಿಸಲು ಹೋದರೆ ಬಹಳಷ್ಟು ಬ್ಯಾಂಕುಗಳು ಹಳೆಯ ನಂಬರಿಗೂ ಓಟಿಪಿ ಕಳಿಸುತ್ತವೆ, ಅಲ್ಲಿಗೆ ನಿಂತುಹೋಗುತ್ತದೆ. ಕೆಲವು ಬ್ಯಾಂಕುಗಳಲ್ಲಿ ಎಟಿಎಂನಲ್ಲಿ ಡೆಬಿಟ್ ಕಾರ್ಡ್ ಮತ್ತು ಪಿನ್ ಹಾಕಿ ನಂಬರ್ ಬದಲಿಸುವ ಸೌಲಭ್ಯವಿದೆ. ಆದರೂ ಶಾಖೆಗೇ ಹೋಗಿ ಅನ್ನುತ್ತೇನೆ, ಏಕೆಂದರೆ ನಂಬರ್ ಬದಲಾವಣೆಯ ಜೊತೆಗೆ ಇನ್ನೂ ಎರಡು ಕೆಲಸ ಆಗಬೇಕು.

ಪಾಸ್‌ಬುಕ್, ಆಧಾರ್ ಮತ್ತು ಪ್ಯಾನ್‌ನ ಅಸಲಿ ಹಾಗೂ ಒಂದೊಂದು ಜೆರಾಕ್ಸ್ ತೆಗೆದುಕೊಂಡು ಹೋಗಿ. ಮೊಬೈಲ್ ನಂಬರ್ ಬದಲಾವಣೆಯ ಅರ್ಜಿ ಶಾಖೆಯಲ್ಲಿ ಸಿಗುತ್ತದೆ. ಸಹಿ ಖಾತೆ ತೆರೆದಾಗ ಮಾಡಿದ್ದಕ್ಕೆ ಹೊಂದಬೇಕು. ಹದಿನೈದು ವರ್ಷ ಹಳೆಯ ಖಾತೆಯಾದರೆ ಅಲ್ಲೇ ತಕರಾರು ಬರುವುದು, ಮಾದರಿ ಸಹಿ ಹೊಸದಾಗಿ ಕೊಡಬೇಕಾಗಬಹುದು. ಅರ್ಜಿಯಲ್ಲಿ ಖಾತೆ ಸಂಖ್ಯೆ ಮಾತ್ರ ಬರೆಯದೆ ಗ್ರಾಹಕ ಸಂಖ್ಯೆಯನ್ನೂ ಬರೆಯಿರಿ. ಬ್ಯಾಂಕಿನಲ್ಲಿ ಫೋನ್ ನಂಬರ್ ಸಾಮಾನ್ಯವಾಗಿ ಗ್ರಾಹಕ ಸಂಖ್ಯೆಗೆ ಅಂಟಿಕೊಂಡಿರುತ್ತದೆ, ಆಗ ಎಸ್‌ಬಿ ಖಾತೆ, ಎಫ್‌ಡಿ, ಬೆಳೆ ಸಾಲ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ನಿಮ್ಮ ಹೆಸರಿನಲ್ಲಿ ಒಂದೇ ಬ್ಯಾಂಕಿನಲ್ಲಿ ಎರಡು ಗ್ರಾಹಕ ಸಂಖ್ಯೆ ಇದ್ದರೆ (ಬೇರೆ ಬೇರೆ ಶಾಖೆಯಲ್ಲಿ ಖಾತೆ ತೆರೆದವರಿಗೆ ಇದು ಆಗಿರುತ್ತದೆ) ಎರಡನ್ನೂ ಬರೆಯಬೇಕು. ಅದೇ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ ಅದರ ದಾಖಲೆ ಬೇರೆ ಕಡೆ ಇರುವುದುಂಟು, ಪ್ರತ್ಯೇಕವಾಗಿ ಕೇಳಿ.

ಎರಡನೆಯ ಕೆಲಸ, ಹಳೆಯ ನಂಬರಿನ ಮೇಲಿರುವ ಯುಪಿಐ ಮತ್ತು ಮೊಬೈಲ್ ಬ್ಯಾಂಕಿಂಗ್ ನೋಂದಣಿ ರದ್ದು ಮಾಡಿ ಎಂದು ಅದೇ ಅರ್ಜಿಯಲ್ಲಿ ಬರೆಯುವುದು. ಇದರ ಅಗತ್ಯ ಅರ್ಥವಾಗಲು ಯುಪಿಐ ಆ್ಯಪ್ ನಿಮ್ಮನ್ನು ಗುರುತಿಸುವ ಬಗೆ ಗೊತ್ತಿರಬೇಕು. ಹೊಸ ಫೋನಿನಲ್ಲಿ ಆ್ಯಪ್ ಹಾಕಿದಾಗ ಅದು ಸಿಮ್‌ನಿಂದ ಬ್ಯಾಂಕಿನ ಕಡೆಗೆ ಒಂದು ಎಸ್ಎಂಎಸ್ ಕಳಿಸುತ್ತದೆ. ಯಾವ ನಂಬರಿನಿಂದ ಬಂತು ಎನ್ನುವುದನ್ನು ನೋಡಿ ಆ ನಂಬರಿಗೆ ಜೋಡಣೆಯಾದ ಖಾತೆಗಳನ್ನು ತೋರಿಸುತ್ತದೆ. ಅಂದರೆ ಆ ಸಿಮ್ ಇರುವ ಅಪರಿಚಿತರಿಗೆ ನಿಮ್ಮ ಖಾತೆ ಪರದೆಯ ಮೇಲೆ ಬರಬಹುದು. ದುಡ್ಡು ತೆಗೆಯಲು ಅಷ್ಟೇ ಸಾಲದು, ಯುಪಿಐ ಪಿನ್ ಹೊಸದಾಗಿ ಇಡಲು ಡೆಬಿಟ್ ಕಾರ್ಡಿನ ವಿವರ ಬೇಕು, ಇಲ್ಲವೇ ಆಧಾರ್ ಮೂಲಕ ಓಟಿಪಿ ಬೇಕು. ನಿಮ್ಮ ಬ್ಯಾಂಕ್ ಮತ್ತು ಆಧಾರ್ ಎರಡೂ ಅದೇ ಹಳೆಯ ನಂಬರಿನಲ್ಲಿವೆ, ಹಾಗಾಗಿ ಆಧಾರಿನ ಓಟಿಪಿಯೂ ಅವರಿಗೇ ಹೋಗುತ್ತದೆ. ಎರಡರಲ್ಲಿ ಒಂದು ಬದಲಾದರೂ ಈ ಸರಪಳಿ ತುಂಡಾಗುತ್ತದೆ. ಬ್ಯಾಂಕು ಮೊದಲು ಎಂದಿದ್ದು ಅದಕ್ಕೇ, ಆಧಾರ್ ಬದಲಾವಣೆಗೆ ಕೆಲವು ದಿನ ಹಿಡಿಯುತ್ತದೆ.

ಮೂರನೆಯದು, ಬದಲಾವಣೆ ಜಾರಿಯಾಗುವ ತನಕ ಆನ್‌ಲೈನ್ ವ್ಯವಹಾರ ತಾತ್ಕಾಲಿಕವಾಗಿ ನಿಲ್ಲಿಸಿ ಎಂದು ಕೇಳುವುದು. ಅರ್ಜಿಯ ನಕಲಿನ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಆಮೇಲೇನಾದರೂ ದುಡ್ಡು ಹೋದರೆ, ನೀವು ಯಾವ ದಿನ ತಿಳಿಸಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗೆಯೇ ಜುಲೈ 9ರಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ಒಂದೊಂದು ಸಾಲು ನೋಡಿ. ನಿಮ್ಮದಲ್ಲದ ವ್ಯವಹಾರ ಕಂಡರೆ ಶಾಖೆಯಲ್ಲಿ ನಿಂತಲ್ಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಡಿ.

ಜೋಡಣೆ ನಿಜವಾಗಿ ಆಯಿತೇ ಎಂದು ತಿಳಿಯಲು ಗುಮಾಸ್ತರ 'ಆಯ್ತು' ಸಾಲದು. ಬ್ಯಾಂಕಿನ ಬ್ಯಾಲೆನ್ಸ್ ತಿಳಿಸುವ ಮಿಸ್ಡ್ ಕಾಲ್ ಸೇವೆ ಇದ್ದರೆ ಆ ನಂಬರಿಗೆ ಹೊಸ ಸಿಮ್‌ನಿಂದ ಕರೆ ಮಾಡಿ. ಬ್ಯಾಲೆನ್ಸ್ ಎಸ್ಎಂಎಸ್ ಬಂದರೆ ಆಗಿದೆ, ನೋಂದಣಿಯಾಗಿಲ್ಲ ಎಂದು ಬಂದರೆ ಇನ್ನೂ ಇಲ್ಲ. ಡಿಸಿಸಿ ಬ್ಯಾಂಕಿನಲ್ಲೋ ಪತ್ತಿನ ಸಂಘದಲ್ಲೋ ಖಾತೆ ಇದ್ದರೆ ಅಲ್ಲಿಗೂ ಹೋಗಬೇಕು. ಒಂದು ಬ್ಯಾಂಕಿನಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಅಪ್ಪ ಅಮ್ಮನ ಖಾತೆಗೂ ನಿಮ್ಮ ಹಳೆಯ ನಂಬರನ್ನೇ ಕೊಟ್ಟಿದ್ದೀರಾ, ನೆನಪಿಸಿಕೊಳ್ಳಿ. ಕೊಟ್ಟಿದ್ದರೆ ಅವರೇ ಶಾಖೆಗೆ ಬಂದು ಸಹಿ ಮಾಡಬೇಕು.

ಬ್ಯಾಂಕು ಮುಗಿಸಿಕೊಂಡು ಅದೇ ದಿನ ಆಧಾರ್ ಕೇಂದ್ರಕ್ಕೆ ಹೋಗಿ. ಅದಕ್ಕೂ ಮೊದಲು ಆಧಾರ್‌ನಲ್ಲಿ ಯಾವ ನಂಬರ್ ಇದೆ ಎಂದು ಖಚಿತ ಮಾಡಿಕೊಳ್ಳಿ. ಎಷ್ಟೋ ಜನ ಹತ್ತು ವರ್ಷದ ಹಿಂದೆ ಕೊಟ್ಟ ಮೂರನೆಯದೇ ನಂಬರ್ ಅಲ್ಲಿರುತ್ತದೆ. myaadhaar.uidai.gov.in ತೆರೆದು Check Aadhaar Validity ಒತ್ತಿ ಆಧಾರ್ ಸಂಖ್ಯೆ ಹಾಕಿದರೆ ಜೋಡಣೆಯಾದ ನಂಬರಿನ ಕೊನೆಯ ಮೂರು ಅಂಕಿ ಕಾಣುತ್ತದೆ. ಲಾಗಿನ್ ಬೇಡ, ಓಟಿಪಿಯೂ ಬೇಡ.

ಮೊಬೈಲ್ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಕಿಲ್ಲ, ಆಧಾರ್ ಸಂಖ್ಯೆ ಮತ್ತು ನೀವು ಇದ್ದರೆ ಸಾಕು. ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಜಾಸ್ತಿ ಕೇಳಿದರೆ ರಸೀದಿ ತೋರಿಸಿ ಅನ್ನಿ. ಹಾಸನದವರೆಗೆ ಹೋಗಲೇಬೇಕೆಂದಿಲ್ಲ, ತಾಲ್ಲೂಕಿನ ಅಂಚೆ ಕಚೇರಿ, ಬ್ಯಾಂಕ್ ಶಾಖೆ ಅಥವಾ ನಾಡಕಚೇರಿಯಲ್ಲಿ ಆಧಾರ್ ಸೇವೆ ಇದೆಯೇ ಎಂದು ಫೋನ್ ಮಾಡಿ ಕೇಳಿಕೊಂಡು ಹೊರಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಪೋಸ್ಟ್‌ಮ್ಯಾನನ್ನೂ ವಿಚಾರಿಸಿ. ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮನೆ ಬಾಗಿಲಲ್ಲೇ ಆಧಾರಿನ ಮೊಬೈಲ್ ನಂಬರ್ ಬದಲಿಸುವ ವ್ಯವಸ್ಥೆ 2021ರಿಂದ ಇದೆ.

ತೋಟದ ಕೆಲಸ ಮಾಡುವವರಿಗೆ ಇಲ್ಲಿ ಎದುರಾಗುವ ತೊಡಕು ಬೆರಳಿನದು. ಕಾಫಿ ಹಣ್ಣು ಕುಯ್ದು, ಕತ್ತಿ ಹಿಡಿದು, ಕಳೆ ತೆಗೆದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದಿಲ್ಲ. ಒಂದು ಬೆರಳು ಆಗದಿದ್ದರೆ ಬೇರೆ ಬೆರಳು ಇಡಿ, ಅದೂ ಆಗದಿದ್ದರೆ ಕಣ್ಣಿನ ಪಾಪೆಯ ಗುರುತಿನಲ್ಲಿ ನೋಡಿ ಎಂದು ಕೇಳಿ. ಕೈ ತೀರ ಒಣಗಿದ್ದರೆ ಸ್ವಲ್ಪ ತೇವ ಮಾಡಿ ಒರೆಸಿಕೊಂಡರೂ ವ್ಯತ್ಯಾಸವಾಗುತ್ತದೆ. ಕೊಟ್ಟ ರಸೀದಿಯಲ್ಲಿ ಅರ್ಜಿಯ ಸಂಖ್ಯೆ ಇರುತ್ತದೆ, ಅದರಿಂದ ಸ್ಥಿತಿ ನೋಡಬಹುದು. ಕೆಲವೇ ದಿನದಲ್ಲಿ ಆಗುವುದೂ ಉಂಟು, ತಿಂಗಳವರೆಗೆ ಎಳೆಯುವುದೂ ಉಂಟು. ಮೇಲೆ ಹೇಳಿದ ಪುಟದಲ್ಲಿ ಕೊನೆಯ ಮೂರು ಅಂಕಿ ಹೊಸ ನಂಬರಿನದು ಬಂದ ದಿನ ಆಗಿದೆ ಎಂದರ್ಥ. ಆಧಾರ್ ಬದಲಾದ ಮೇಲೆ ಡಿಜಿಲಾಕರ್, ಭವಿಷ್ಯ ನಿಧಿ, ಪಿಎಂ-ಕಿಸಾನ್‌ನ ಇಕೆವೈಸಿ ಇವೆಲ್ಲ ಆಧಾರ್ ಓಟಿಪಿ ಮೂಲಕ ತೆರೆದುಕೊಳ್ಳುತ್ತವೆ. ಅದಕ್ಕೆ ಮುಂಚೆ ಅವುಗಳ ಹಿಂದೆ ಬೀಳುವುದು ವ್ಯರ್ಥ.

ಬ್ಯಾಂಕಿನಲ್ಲಿ ಹೊಸ ನಂಬರ್ ಸೇರಿದ ಮೇಲೆ ಯುಪಿಐ ಆ್ಯಪ್ ತೆಗೆದು ಮತ್ತೆ ಹಾಕಿ. ಇಲ್ಲಿ 'ಎಸ್ಎಂಎಸ್ ಪರಿಶೀಲನೆ ವಿಫಲ' ಎಂದು ಬಂದರೆ ಬ್ಯಾಂಕನ್ನು ಬೈಯುವ ಮೊದಲು ಎರಡು ನೋಡಿ: ಹೊಸ ಸಿಮ್‌ನ ಪ್ಯಾಕಿನಲ್ಲಿ ಹೊರಹೋಗುವ ಎಸ್ಎಂಎಸ್ ಇದೆಯೇ, ಮತ್ತು ಎರಡು ಸಿಮ್ ಇರುವ ಫೋನಾದರೆ ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದಲೇ ಎಸ್ಎಂಎಸ್ ಹೋಗುತ್ತಿದೆಯೇ. ಹೊಸದಾಗಿ ನೋಂದಣಿಯಾದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲಾಗುವುದಿಲ್ಲ. ಆಳುಗಳ ಬಟವಾಡೆಯ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ.

ನಿಮಗೆ ದುಡ್ಡು ಹಾಕುವವರು ಹಳೆಯ ನಂಬರನ್ನೇ ಒತ್ತುತ್ತಿರಬಹುದು, ಅದನ್ನು ಮರೆಯಬೇಡಿ. ಅಪರಿಚಿತರು ಆ ನಂಬರಿನಲ್ಲಿ ಯುಪಿಐ ತೆರೆದುಕೊಂಡಿದ್ದರೆ ಆ ದುಡ್ಡು ಸೀದಾ ಅವರ ಖಾತೆಗೆ ಹೋಗುತ್ತದೆ, ಕಳಿಸಿದವರು ತಾವಾಗಿ ಕಳಿಸಿದ್ದರಿಂದ ವಾಪಸ್ ಪಡೆಯುವುದು ಕಷ್ಟ. ಕಾಫಿ, ಮೆಣಸು ಕೊಳ್ಳುವ ವ್ಯಾಪಾರಿಗೆ, ನಿಮಗೆ ಬಾಡಿಗೆ ಕೊಡುವವರಿಗೆ, ನೆಂಟರಿಗೆ ಇವತ್ತೇ ತಿಳಿಸಿ. ಕಳಿಸುವ ಮುಂಚೆ ಪರದೆಯಲ್ಲಿ ಬರುವ ಹೆಸರು ಓದಿಕೊಳ್ಳಿ ಎಂದೂ ಹೇಳಿ.

ನೀವು ಈಗ ಬಳಸುತ್ತಿರುವ ಹೊಸ ನಂಬರ್ ಬಗ್ಗೆಯೂ ಒಂದು ಮಾತು. ಅದೂ ಹಿಂದೆ ಬೇರೆ ಯಾರದ್ದೋ ಆಗಿದ್ದಿರಬಹುದು. ಬೇರೆಯವರ ಖಾತೆಯ ಎಸ್ಎಂಎಸ್, ಸಾಲದ ಕಂತು ಕೇಳುವ ಕರೆ ಬರುತ್ತಿದೆಯೇ ಯೋಚಿಸಿ. ಬರುತ್ತಿದ್ದರೆ ಎಲ್ಲ ಕಡೆ ಅದನ್ನು ಕೊಡುವ ಮೊದಲೇ ಬೇರೆ ನಂಬರ್ ಪಡೆಯುವುದು ಒಳ್ಳೆಯದು, ಏಕೆಂದರೆ 'ಈ ನಂಬರ್ ಬೇರೆ ಗ್ರಾಹಕರಿಗೆ ಜೋಡಣೆಯಾಗಿದೆ' ಎಂದು ಬ್ಯಾಂಕಿನ ಕಂಪ್ಯೂಟರ್ ತಿರಸ್ಕರಿಸಿದರೆ ನಾಲ್ಕು ಕಡೆ ಮತ್ತೆ ಅಲೆಯಬೇಕು. ಸಿಮ್ ನಿಮ್ಮ ಹೆಸರಿನಲ್ಲೇ ಇದೆಯೇ ಎಂದೂ ನೋಡಿ. ಸಂಚಾರ್ ಸಾಥಿ ಜಾಲತಾಣ sancharsaathi.gov.in ನಲ್ಲಿ ನಿಮ್ಮ ಹೆಸರಿನಲ್ಲಿರುವ ಎಲ್ಲ ನಂಬರುಗಳ ಪಟ್ಟಿ ಸಿಗುತ್ತದೆ. ಹಳೆಯದು ಆ ಪಟ್ಟಿಯಲ್ಲಿ ಇಲ್ಲದಿರುವುದನ್ನೂ ಅಲ್ಲೇ ಕಾಣಬಹುದು. ಅಂಗಡಿಯವರು ಅವರ ಪರಿಚಯದವರ ಹೆಸರಿನಲ್ಲಿ ಚಾಲೂ ಮಾಡಿ ಕೊಟ್ಟಿದ್ದರೆ ಆ ಸಿಮ್ ಕಳೆದ ದಿನ ಡೂಪ್ಲಿಕೇಟ್ ಪಡೆಯುವ ಹಕ್ಕು ನಿಮಗಿರುವುದಿಲ್ಲ.

ಎಲ್ಲ ಬದಲಾದ ಮೇಲೂ ಓಟಿಪಿ ಬರದಿದ್ದರೆ ಕಾರಣ ಸಾಮಾನ್ಯವಾಗಿ ಸಣ್ಣದು. ಸಿಮ್ ಕಳೆದೋ ಹಾಳಾಗಿಯೋ ಅದೇ ನಂಬರಿಗೆ ಡೂಪ್ಲಿಕೇಟ್ ಸಿಮ್ ಪಡೆದಿದ್ದರೆ ಮೊದಲ 24 ಗಂಟೆ ಎಸ್ಎಂಎಸ್ ಬರುವುದೂ ಹೋಗುವುದೂ ನಿಂತಿರುತ್ತದೆ. ಸಿಮ್ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಅದು, ಮರುದಿನ ನೋಡಿ. ತೋಟದ ಮನೆಯಲ್ಲಿ ಸಿಗ್ನಲ್ ಹೋಗಿ ಬರುತ್ತಿದ್ದರೆ ಎಸ್ಎಂಎಸ್ ಕಂಪನಿಯ ಕೇಂದ್ರದಲ್ಲಿ ಕೂತು, ಸಿಗ್ನಲ್ ಸಿಕ್ಕಾಗ ಬರುತ್ತದೆ. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಇಂಥ ಕಡೆ 'ಮತ್ತೆ ಕಳಿಸಿ' ಗುಂಡಿಯನ್ನು ಐದಾರು ಸಲ ಒತ್ತಬೇಡಿ. ಹೊಸ ಓಟಿಪಿ ಹೊರಟ ಕೂಡಲೇ ಹಿಂದಿನದು ಕೆಲಸಕ್ಕೆ ಬಾರದಾಗುತ್ತದೆ. ಎಲ್ಲವೂ ಒಟ್ಟಿಗೆ ಬಂದು ಬಿದ್ದಾಗ ಯಾವುದು ಕೊನೆಯದೆಂದು ತಿಳಿಯದೆ ತಪ್ಪು ಹಾಕಿ ಖಾತೆ ಲಾಕ್ ಆಗುತ್ತದೆ. ಸಿಗ್ನಲ್ ನಿಲ್ಲುವ ಜಾಗಕ್ಕೆ, ಪೇಟೆಗೋ ರಸ್ತೆಯ ದಿಣ್ಣೆಗೋ, ಬಂದು ಒಂದೇ ಸಲ ಕೇಳಿ. ಮೆಸೇಜ್ ಆ್ಯಪ್‌ನ Spam & blocked ವಿಭಾಗವನ್ನೂ ಇಣುಕಿ ನೋಡಿ, ಬ್ಯಾಂಕಿನ ಎಸ್ಎಂಎಸ್ ಅಲ್ಲಿ ಹೋಗಿ ಕೂತಿರುವುದುಂಟು.

ಫೇಸ್‌ಬುಕ್, ಆನ್‌ಲೈನ್ ಅಂಗಡಿ, ಗ್ಯಾಸ್ ಬುಕಿಂಗ್ ಇವು ಕೊನೆಗೆ ಸಾಕು. ಇವುಗಳಲ್ಲಿ ಹೆಚ್ಚಿನವಕ್ಕೆ ಇಮೇಲ್ ಮೂಲಕ ಒಳಹೋಗುವ ದಾರಿ ಇರುತ್ತದೆ, ಜಿಮೇಲ್ ಮೊದಲೇ ಭದ್ರವಾಗಿದ್ದರೆ ತೊಂದರೆಯಿಲ್ಲ. ಎಲ್ಲ ಕಡೆಯೂ ಹೊಸ ನಂಬರ್ ಸೇರಿಸಿದ್ದಷ್ಟೇ ಅಲ್ಲ, ಹಳೆಯದನ್ನು ಅಳಿಸಿದ್ದೀರಾ ಎಂದು ನೋಡಿ. ಎರಡೂ ಇದ್ದಲ್ಲಿ ಕೋಡ್ ಯಾವುದಕ್ಕೆ ಬೇಕಾದರೂ ಹೋಗಬಹುದು.